ಪುನರ್ವಸು ಮೂರೋ ನಾಲ್ಕೋ?

ನಮ್ಮ ದೊಡ್ಡಪ್ಪ ಸಾಲಾವಳಿ ನೋಡುವಾಗ ಮೂಗಿನ ತುದಿಗೆ ಕನ್ನಡಕ, ಕೈಯಲ್ಲೊಂದು ಅಡಿಕೋಲು. ಪಂಚಾಂಗದ ಕೊನೆಯಲ್ಲಿರುವ ಆ ದೊಡ್ಡ ಕೋಷ್ಟಕದ ಮೇಲೆ ಅಡಿಕೋಲನ್ನು ಅಡ್ಡ ಇಟ್ಟು, ಹುಡುಗಿಯ ನಕ್ಷತ್ರದ ಸಾಲಿನಲ್ಲಿ ಸರಿಸುತ್ತಾ ಹೋಗಿ, ಹುಡುಗನ ನಕ್ಷತ್ರದ ಕೆಳಗೆ ಬೆರಳು ನಿಲ್ಲಿಸಿ, "ಇಪ್ಪತ್ತಾರೂವರೆ" ಎನ್ನುತ್ತಿದ್ದರು. ಅಷ್ಟೇ ಲೆಕ್ಕ. ಒಂದು ದಿನ ಅಡಿಕೋಲು ಒಂದು ಸಾಲು ಜಾರಿತು. ಸೋದರತ್ತೆಯ ಮೊಮ್ಮಗಳ ಜಾತಕ ಅದು. ಮೊದಲ ಸಲ ಇಪ್ಪತ್ತಾರೂವರೆ ಗುಣ ಬಂದದ್ದು ಎರಡನೆಯ ಸಲ ಇಪ್ಪತ್ತೂವರೆಗೆ ಇಳಿಯಿತು. ಅತ್ತೆ ಗಾಬರಿಯಾದರು. "ಅದೇ ಹುಡುಗಿ, ಅದೇ ಹುಡುಗ. ಆರು ಗುಣ ಎಲ್ಲಿ ಹೋಯ್ತೋ?"

ಜಾರಿದ್ದು ಅಡಿಕೋಲೇ ಆದರೂ ಎರಡೂ ಅಂಕಿಗಳು ಆ ಹುಡುಗಿಯ ನಕ್ಷತ್ರದವೇ. ಒಂದು ಸಾಲು ಪುನರ್ವಸುವಿನ ಮೊದಲ ಮೂರು ಪಾದಗಳದ್ದು, ಅದರ ಕೆಳಗಿನದು ನಾಲ್ಕನೇ ಪಾದದ್ದು. ಅತ್ತೆ ಬರೆದುಕೊಂಡು ಬಂದಿದ್ದ ಚೀಟಿಯಲ್ಲಿ "ಪುನರ್ವಸು" ಎಂದಷ್ಟೇ ಇತ್ತು. ಆ ಆರು ಗುಣ ಎಲ್ಲಿ ಹೋದವೆಂದು ಕಂಡುಹಿಡಿಯಲೆಂದೇ ನಾನು ಸ್ಪ್ರೆಡ್‌ಶೀಟ್ ಮಾಡಲು ಕೂತೆ. ಎಕ್ಸೆಲ್, ಗೂಗಲ್ ಶೀಟ್ಸ್, ಲಿಬ್ರೆಆಫೀಸ್, ಯಾವುದಾದರೂ ಆಗುತ್ತದೆ. ಅರ್ಧ ಭಾನುವಾರದ ಕೆಲಸ.

ಜಾತಕ ಕೂಡಿದರೆ ಸಂಸಾರ ಕೂಡುತ್ತದೆಯೇ ಎಂಬ ಪ್ರಶ್ನೆಗೆ ಈ ಹಾಳೆಯಲ್ಲಿ ಉತ್ತರವಿಲ್ಲ. ನನಗೆ ಅದರಲ್ಲಿ ನಂಬಿಕೆಯೂ ಕಡಿಮೆ. ಪಂಚಾಂಗದ ಅಂಕಿ ಹೇಗೆ ಹುಟ್ಟುತ್ತದೆ ಎಂಬುದಷ್ಟೇ ಇಲ್ಲಿನ ವಿಷಯ. ಅದು ಗೊತ್ತಾದರೆ ಯಾವ ಅಂಕಿಗೆ ಎಷ್ಟು ಬೆಲೆ ಕೊಡಬೇಕೆಂದು ನೀವೇ ತೂಗಬಹುದು.

ಅಷ್ಟಕೂಟವೆಂದರೆ ಎಂಟು ಕೂಟ. ವರ್ಣಕ್ಕೆ 1 ಗುಣ, ವಶ್ಯಕ್ಕೆ 2, ತಾರೆಗೆ 3, ಯೋನಿಗೆ 4, ಗ್ರಹಮೈತ್ರಿಗೆ 5, ಗಣಕ್ಕೆ 6, ಭಕೂಟಕ್ಕೆ 7, ನಾಡಿಗೆ 8. ಒಟ್ಟು 36, ಅರ್ಧ, ಅಂದರೆ 18 ಬಂದರೆ ಪಾಸು ಎಂಬುದು ವಾಡಿಕೆ. 1600ರಲ್ಲಿ ಕಾಶಿಯಲ್ಲಿ ರಾಮ ದೈವಜ್ಞ ಬರೆದ 'ಮುಹೂರ್ತ ಚಿಂತಾಮಣಿ' ಈ ಎಂಟನ್ನು ಹೀಗೇ ಏರುಕ್ರಮದಲ್ಲಿ ಹೇಳುತ್ತದೆ. ನಮ್ಮ ಕಡೆ ರಜ್ಜು, ವೇಧೆ, ಮಹೇಂದ್ರ, ಸ್ತ್ರೀದೀರ್ಘ ಎಲ್ಲ ಸೇರಿದ ದಶಕೂಟವನ್ನು ನೋಡುವವರೂ ಇದ್ದಾರೆ. ಅದು ಬೇರೆ ಲೆಕ್ಕ, ಇದರೊಳಗೆ ಬೆರೆಸಬಾರದು.

ಹಾಳೆ ಮಾಡುವ ಮೊದಲು ಒಂದು ಸಂಗತಿ ಗಮನಿಸಬೇಕು. ಈ ಎಂಟರಲ್ಲಿ ನಾಲ್ಕಕ್ಕೆ ನಕ್ಷತ್ರವೊಂದೇ ಸಾಕು: ತಾರೆ, ಯೋನಿ, ಗಣ, ನಾಡಿ. ಇವುಗಳದ್ದು 21 ಗುಣ. ಉಳಿದ ನಾಲ್ಕಕ್ಕೆ, ಅಂದರೆ ವರ್ಣ, ವಶ್ಯ, ಗ್ರಹಮೈತ್ರಿ, ಭಕೂಟಕ್ಕೆ, ರಾಶಿ ಬೇಕು. ಇವುಗಳದ್ದು 15. ಪಾದದ ಕೆಲಸವೆಲ್ಲ ಈ ಹದಿನೈದರಲ್ಲೇ. ಪಾದ ನೇರವಾಗಿ ಗುಣ ಕೊಡುವುದಿಲ್ಲ; ಹುಡುಗಿ ಯಾವ ರಾಶಿಯವಳು ಎಂದು ಹೇಳುತ್ತದೆ, ಅಷ್ಟೇ.

27 ನಕ್ಷತ್ರಕ್ಕೆ ನಾಲ್ಕು ನಾಲ್ಕು ಪಾದವೆಂದರೆ 108. ಹನ್ನೆರಡು ರಾಶಿಗೆ ಹಂಚಿದರೆ ಒಂದೊಂದಕ್ಕೆ ಒಂಬತ್ತು ಪಾದ, ಅಂದರೆ ಎರಡೂಕಾಲು ನಕ್ಷತ್ರ. ಆ ಕಾಲಿನಿಂದಾಗಿಯೇ ಒಂಬತ್ತು ನಕ್ಷತ್ರಗಳು ಎರಡು ರಾಶಿಗಳ ನಡುವಿನ ಬೇಲಿಯ ಮೇಲೆ ಕೂತಿವೆ: ಕೃತ್ತಿಕಾ, ಮೃಗಶಿರಾ, ಪುನರ್ವಸು, ಉತ್ತರಾ, ಚಿತ್ತಾ, ವಿಶಾಖಾ, ಉತ್ತರಾಷಾಢ, ಧನಿಷ್ಠಾ, ಪೂರ್ವಾಭಾದ್ರ. ಈ ಒಂಬತ್ತು ಎರಡೆರಡಾಗಿ ಒಡೆಯುವುದರಿಂದ ಪಂಚಾಂಗದ ಕೋಷ್ಟಕದಲ್ಲಿ 27ರ ಬದಲು 36 ಸಾಲು, 36 ಕಾಲಂ. ಒಟ್ಟು 1,296 ಮನೆ. ದೊಡ್ಡಪ್ಪನ ಅಡಿಕೋಲು ಜಾರಿದ್ದು ಈ ಕಾಡಿನಲ್ಲಿ. ಹುಡುಗಿ ರೋಹಿಣಿಯವಳಾಗಿದ್ದರೆ ಪಾದ ಯಾವುದಾದರೂ ವೃಷಭವೇ, ಆರು ಗುಣದ ಜಗಳವೇ ಇರುತ್ತಿರಲಿಲ್ಲ.

ಈಗ ಹಾಳೆಗೆ ಬರೋಣ. ಮೊದಲ ಹಾಳೆಯ ಹೆಸರು Nak. ಅದರ A ಕಾಲಂನಲ್ಲಿ ಎರಡನೇ ಸಾಲಿನಿಂದ ಅಶ್ವಿನಿಯಿಂದ ರೇವತಿಯವರೆಗೆ 27 ಹೆಸರು, ಕ್ರಮ ತಪ್ಪದಂತೆ. B ಯಲ್ಲಿ ಯೋನಿಯ ಸಂಖ್ಯೆ, C ಯಲ್ಲಿ ಗಣದ ಸಂಖ್ಯೆ: ದೇವ 1, ಮನುಷ್ಯ 2, ರಾಕ್ಷಸ 3. ಎರಡನೇ ಹಾಳೆ Match. ಅದರ B ಕಾಲಂ ವಧುವಿಗೆ, C ಕಾಲಂ ವರನಿಗೆ. ಎರಡನೇ ಸಾಲಿನಲ್ಲಿ ನಕ್ಷತ್ರದ ಹೆಸರು, ಮೂರನೆಯದರಲ್ಲಿ ಪಾದ. ನಾವು ಕೈಯಿಂದ ತುಂಬುವುದು ಈ ನಾಲ್ಕೇ ಮನೆ. ನಾಲ್ಕನೇ ಸಾಲು ಹೆಸರನ್ನು ಸಂಖ್ಯೆಯಾಗಿಸುತ್ತದೆ, ಐದನೆಯದು ರಾಶಿ ಕಂಡುಹಿಡಿಯುತ್ತದೆ:

```
B4: =MATCH(B2,Nak!$A$2:$A$28,0)
B5: =INT(((B4-1)*4+B3-1)/9)+1
```

ಎರಡನೆಯ ಸೂತ್ರ ಮಾಡುವುದು ಬೆರಳೆಣಿಕೆಯನ್ನೇ. ಅಶ್ವಿನಿಯ ಮೊದಲ ಪಾದದಿಂದ ಎಷ್ಟು ಪಾದ ದಾಟಿ ಬಂದಿದ್ದೇವೆ ಎಂದು ಎಣಿಸಿ, ಒಂಬತ್ತರಿಂದ ಭಾಗಿಸಿ, ಒಂದು ಕೂಡಿಸುತ್ತದೆ. ಪುನರ್ವಸು ಏಳನೇ ನಕ್ಷತ್ರ. ಮೂರನೇ ಪಾದವಾದರೆ 26 ಪಾದ ದಾಟಿದೆ, 26ರಲ್ಲಿ ಒಂಬತ್ತು ಎರಡು ಸಲ. ರಾಶಿ 3, ಮಿಥುನ. ನಾಲ್ಕನೇ ಪಾದವಾದರೆ 27 ದಾಟಿದೆ, ಒಂಬತ್ತು ಪೂರ್ತಿ ಮೂರು ಸಲ. ರಾಶಿ 4, ಕರ್ಕ. ಈ ಎರಡು ಸಾಲನ್ನು C ಕಾಲಂಗೂ ಎಳೆದರೆ ವರನದ್ದೂ ಆಯಿತು.

ಮೊದಲ ಸೂತ್ರದ ಕೊನೆಯಲ್ಲಿರುವ ಸೊನ್ನೆಯನ್ನು ಮರೆಯಬೇಡಿ. ಅದಿದ್ದರೆ ಹೆಸರು ಅಕ್ಷರಶಃ ಹೊಂದಿದಾಗ ಮಾತ್ರ ಉತ್ತರ. ಬಿಟ್ಟರೆ ಪಟ್ಟಿ ಅಕಾರಾದಿಯಲ್ಲಿದೆ ಎಂದುಕೊಂಡು "ಸುಮಾರಾಗಿ ಹತ್ತಿರದ್ದು" ಹುಡುಕುತ್ತದೆ. ನಕ್ಷತ್ರಗಳು ಅಕಾರಾದಿಯಲ್ಲಿ ಇಲ್ಲವಲ್ಲ, ಹಾಗಾಗಿ ಯಾವುದೋ ನಕ್ಷತ್ರ ಸಿಗುತ್ತದೆ, ತಪ್ಪೆಂದು ಯಾರೂ ಹೇಳುವುದಿಲ್ಲ. ಸೊನ್ನೆ ಇದ್ದಾಗ ಹೆಸರು ಸಿಗದಿದ್ದರೆ #N/A ಎಂದು ಕೂಗುತ್ತದೆ. ಕೂಗುವ ತಪ್ಪು ಒಳ್ಳೆಯದು.

ಕನ್ನಡದಲ್ಲಿ ಈ ಕೂಗು ಬಹಳ ಸಲ ಕೇಳಿಸುತ್ತದೆ. ಮಳೆ ನಕ್ಷತ್ರವಾಗಿ ರೈತರ ಬಾಯಲ್ಲಿ ಹುಬ್ಬೆ, ಪಂಚಾಂಗದಲ್ಲಿ ಪುಬ್ಬಾ, ಸಂಸ್ಕೃತ ಪುಸ್ತಕದಲ್ಲಿ ಪೂರ್ವಫಲ್ಗುನೀ. ಆರಿದ್ರಾ, ಆರ್ದ್ರಾ. ಮಖೆ, ಮಘಾ. ಒಂದು ಹೆಸರು ಇಟ್ಟುಕೊಂಡು ಡ್ರಾಪ್‌ಡೌನ್ ಮಾಡಿಬಿಡಿ. Data validation ಎಂಬ ಕಡೆ Nak ಹಾಳೆಯ ಪಟ್ಟಿಯನ್ನು ತೋರಿಸಿದರೆ ಆಯಿತು. ಪಾದಕ್ಕೂ 1ರಿಂದ 4 ಮಾತ್ರ ಆರಿಸುವಂತೆ ಕಟ್ಟುಹಾಕಿ. ನಾನು ಮೊದಲು ಬಿಟ್ಟಿದ್ದೆ. ಯಾರೋ 5 ಒತ್ತಿದಾಗ ಹಾಳೆ ತೆಪ್ಪಗೆ ಮುಂದಿನ ನಕ್ಷತ್ರದ ರಾಶಿ ಕೊಟ್ಟು ಕೂತಿತ್ತು.

ಕೂಟಗಳಲ್ಲಿ ಕೆಲವಕ್ಕೆ ಕೋಷ್ಟಕವೇ ಬೇಡ, ಭಾಗಿಸಿ ಉಳಿದ ಶೇಷ ಸಾಕು. ಶೇಷ ಕೊಡುವ ಸೂತ್ರದ ಹೆಸರು MOD. ವರ್ಣವನ್ನೇ ನೋಡಿ. ಕರ್ಕ, ವೃಶ್ಚಿಕ, ಮೀನ ಬ್ರಾಹ್ಮಣ. ಮೇಷ, ಸಿಂಹ, ಧನು ಕ್ಷತ್ರಿಯ. ವೃಷಭ, ಕನ್ಯಾ, ಮಕರ ವೈಶ್ಯ. ಮಿಥುನ, ತುಲಾ, ಕುಂಭ ಶೂದ್ರ. ರಾಶಿಯ ಸಂಖ್ಯೆಯನ್ನು ನಾಲ್ಕರಿಂದ ಭಾಗಿಸಿದರೆ ಶೇಷ ಕ್ರಮವಾಗಿ 0, 1, 2, 3. ಗಂಡಿನ ವರ್ಣ ಹೆಣ್ಣಿನದಕ್ಕಿಂತ ಕೆಳಗಿರಬಾರದು ಎಂಬುದು ನಿಯಮ. ಈ ನಿಯಮ ಯಾವ ಕಾಲದ ಮನಸ್ಸಿನದು ಎಂದು ಬಿಡಿಸಿ ಹೇಳಬೇಕಿಲ್ಲ. ಪುಣ್ಯಕ್ಕೆ ಅದರ ತೂಕ ಒಂದೇ ಗುಣ.

ನಾಡಿಗೂ ಹಾಗೇ. ಅಶ್ವಿನಿ ಆದ್ಯ, ಭರಣಿ ಮಧ್ಯ, ಕೃತ್ತಿಕಾ ಅಂತ್ಯ. ಅಲ್ಲಿಂದ ತಿರುಗಿ ರೋಹಿಣಿ ಅಂತ್ಯ, ಮೃಗಶಿರಾ ಮಧ್ಯ, ಆರಿದ್ರಾ ಆದ್ಯ. ಮತ್ತೆ ಪುನರ್ವಸುವಿನಿಂದ ಅದೇ ಓಟ. ಹೊಲ ಉಳುವ ಎತ್ತು ಬದುವಿನ ತನಕ ಹೋಗಿ ತಿರುಗಿ ಬರುವ ಹಾಗೆ ಆರಾರು ನಕ್ಷತ್ರಕ್ಕೊಂದು ಸುತ್ತು. ಎಂಟನೇ ಸಾಲಿನಲ್ಲಿ ನಾಡಿಯನ್ನು ಇಟ್ಟುಕೊಂಡರೆ, ಇಬ್ಬರದೂ ಒಂದೇ ಆದಾಗ ಸೊನ್ನೆ, ಬೇರೆಯಾದರೆ ಪೂರ್ತಿ ಎಂಟು. ಭಕೂಟಕ್ಕೆ ವಧುವಿನ ರಾಶಿಯಿಂದ ವರನ ರಾಶಿ ಎಷ್ಟನೆಯದು ಎಂದು ನೋಡಬೇಕು. ದ್ವಿರ್ದ್ವಾದಶ, ನವಪಂಚಮ, ಷಡಷ್ಟಕವಾದರೆ ಸೊನ್ನೆ, ಮಿಕ್ಕಿದ್ದಕ್ಕೆಲ್ಲ ಏಳು. ಮೂರನ್ನೂ ಒಟ್ಟಿಗೆ ಬರೆದರೆ ಹೀಗೆ:

```
ವರ್ಣ:  =IF(MOD(C5,4)<=MOD(B5,4),1,0)
B8:    =CHOOSE(MOD(B4-1,6)+1,1,2,3,3,2,1)
ನಾಡಿ:  =IF(B8=C8,0,8)
ಭಕೂಟ: =CHOOSE(MOD(C5-B5,12)+1,7,0,7,7,0,0,7,0,0,7,7,0)
```

ಭಕೂಟದ ಬಗ್ಗೆ ಟಿಪ್ಪಣಿ ಬರೆಯಲು ಹೋಗಿ ಒಂದು ಮನೆಯಲ್ಲಿ 2/12 ಎಂದು ಒತ್ತಿದೆ. ಹಾಳೆ ಅದನ್ನು ತಾರೀಖೆಂದು ತಿಳಿದು ಡಿಸೆಂಬರ್ ತಿಂಗಳಿಗೆ ಕಳಿಸಿಬಿಟ್ಟಿತು. "ದ್ವಿರ್ದ್ವಾದಶ" ಎಂದು ಅಕ್ಷರದಲ್ಲಿ ಬರೆಯುವುದೇ ಕ್ಷೇಮ.

ತಾರಾಕೂಟ ನನಗೆ ಬಹಳ ಹಿಡಿಸಿತು. ವಧುವಿನ ನಕ್ಷತ್ರದಿಂದ ವರನ ನಕ್ಷತ್ರಕ್ಕೆ ಎಣಿಸಿ ಒಂಬತ್ತರಿಂದ ಭಾಗಿಸಬೇಕು. ಜನ್ಮ, ಸಂಪತ್, ವಿಪತ್, ಕ್ಷೇಮ, ಪ್ರತ್ಯಕ್, ಸಾಧನ, ನೈಧನ, ಮಿತ್ರ, ಪರಮಮಿತ್ರ ಎಂಬ ಒಂಬತ್ತರಲ್ಲಿ ಮೂರು, ಐದು, ಏಳನೆಯವು ಕೆಟ್ಟವು. ಹಾಗೇ ವರನಿಂದ ವಧುವಿಗೂ ಎಣಿಸಬೇಕು. ಒಂದೊಂದು ದಿಕ್ಕಿಗೂ ಒಂದೂವರೆ ಗುಣ. ನಮ್ಮ ಜೋಡಿಯಲ್ಲಿ ಹುಡುಗ ಪುಬ್ಬಾ, ಹನ್ನೊಂದನೇ ನಕ್ಷತ್ರ. ಏಳರಿಂದ ಹನ್ನೊಂದಕ್ಕೆ ಎಣಿಸಿದರೆ ಐದು, ಪ್ರತ್ಯಕ್, ಗುಣವಿಲ್ಲ. ಹನ್ನೊಂದರಿಂದ ಏಳಕ್ಕೆ ಬರಬೇಕಾದರೆ ರೇವತಿ ದಾಟಿ ಸುತ್ತಿ ಬರಬೇಕು. ಹಾಳೆಯಲ್ಲಿ ಈ ಸುತ್ತಾಟ ಬೇಕಿಲ್ಲ: 7ರಲ್ಲಿ 11 ಕಳೆದರೆ ಋಣ 4, ಅದಕ್ಕೆ MOD ಹಾಕಿದರೆ ಧನ 5 ಬರುತ್ತದೆ, ಒಂದು ಕೂಡಿಸಿದರೆ ಆರು, ಸಾಧನ. ಒಂದೂವರೆ ಗುಣ ಬಂತು.

```
B10: =MOD(C4-B4,9)+1
C10: =MOD(B4-C4,9)+1
ತಾರೆ: =IF(OR(B10=3,B10=5,B10=7),0,1.5)+IF(OR(C10=3,C10=5,C10=7),0,1.5)
```

ಈ ಸೂತ್ರ ಬರೆದ ಮೇಲೆ ನೂರಾರು ಜೋಡಿ ಹಾಕಿ ನೋಡಿದೆ. ತಾರೆಗೆ ಸೊನ್ನೆ ಬೀಳಲೇ ಇಲ್ಲ. ಸೂತ್ರವೇ ಕೆಟ್ಟಿದೆಯೆಂದು ಹೆದರಿ ಕಾಗದದ ಮೇಲೆ ಬರೆದು ನೋಡಿದಾಗ ಗುಟ್ಟು ತಿಳಿಯಿತು. ಒಂದು ಕಡೆಯಿಂದ ವಿಪತ್ತಾದರೆ ಇನ್ನೊಂದು ಕಡೆಯಿಂದ ಅದು ಮಿತ್ರವೇ ಆಗಬೇಕು, ಪ್ರತ್ಯಕ್ಕಾದರೆ ಸಾಧನ, ನೈಧನವಾದರೆ ಕ್ಷೇಮ. ಬೇರೆ ದಾರಿಯಿಲ್ಲ, 27 ಒಂಬತ್ತರಿಂದ ಸಮ ಭಾಗವಾಗುವುದರಿಂದ ಹಾಗೆ. ಅಂದರೆ ಮೂರು ಗುಣದ ಈ ಕೂಟದಲ್ಲಿ ಯಾವ ಜೋಡಿಗೂ ಒಂದೂವರೆಗಿಂತ ಕಡಿಮೆ ಬರುವ ಹಾಗೇ ಇಲ್ಲ. ನಿಮ್ಮ ಹಾಳೆಯಲ್ಲಿ ತಾರೆಗೆ ಸೊನ್ನೆ ಕಂಡರೆ ಎಲ್ಲೋ ಬೆರಳಚ್ಚು ತಪ್ಪಿದೆ ಎಂದರ್ಥ.

ಗ್ರಹಮೈತ್ರಿಗೆ ಒಂದು ಪುಟ್ಟ ಕೋಷ್ಟಕ ಬೇಕು. ರವಿಯಿಂದ ಶನಿಯವರೆಗೆ ವಾರದ ಕ್ರಮದಲ್ಲೇ ಒಂದರಿಂದ ಏಳು ಸಂಖ್ಯೆ ಕೊಟ್ಟು, ಏಳು ಸಾಲು ಏಳು ಕಾಲಂ. ಸಾಲಿನ ಗ್ರಹಕ್ಕೆ ಕಾಲಂನ ಗ್ರಹ ಮಿತ್ರನೋ ಸಮನೋ ಶತ್ರುವೋ ಎಂದು ತುಂಬಬೇಕು. ಇಲ್ಲಿ ಎಚ್ಚರ: ಈ ಸ್ನೇಹ ಎರಡೂ ಕಡೆ ಒಂದೇ ಅಲ್ಲ. ಚಂದ್ರನಿಗೆ ಬುಧ ಮಿತ್ರ, ಬುಧನಿಗೆ ಮಾತ್ರ ಚಂದ್ರ ಶತ್ರು. ಹಾಗಾಗಿ ಎರಡು ದಿಕ್ಕನ್ನೂ ಓದಿ ಗುಣ ಕೊಡಬೇಕು. ಪರಸ್ಪರ ಮಿತ್ರರಿಗೆ 5, ಮಿತ್ರ-ಸಮಕ್ಕೆ 4, ಸಮ-ಸಮಕ್ಕೆ 3, ಮಿತ್ರ-ಶತ್ರುವಿಗೆ 1, ಸಮ-ಶತ್ರುವಿಗೆ ಅರ್ಧ, ಪರಸ್ಪರ ಶತ್ರುಗಳಿಗೆ ಸೊನ್ನೆ. ಇದಕ್ಕೊಂದು ಉಪಾಯವಿದೆ. ಕೋಷ್ಟಕದಲ್ಲಿ ಮಿತ್ರನಿಗೆ 3, ಸಮನಿಗೆ 1, ಶತ್ರುವಿಗೆ 0, ತನಗೆ ತಾನೇ ಆದಾಗ 3 ಎಂದು ತುಂಬಿ. ಎರಡು ದಿಕ್ಕಿನ ಅಂಕೆ ಕೂಡಿಸಿದರೆ ಪ್ರತಿಯೊಂದು ಜೋಡಿಗೂ ಬೇರೆ ಬೇರೆ ಮೊತ್ತ ಬರುತ್ತದೆ. ಆ ಮೊತ್ತದಿಂದ ಗುಣ ಆರಿಸಿಕೊಳ್ಳಬಹುದು:

```
B9: =CHOOSE(B5,3,6,4,2,1,4,6,3,5,7,7,5)
ಮೈತ್ರಿ: =CHOOSE(INDEX(Graha!$B$2:$H$8,B9,C9)
       +INDEX(Graha!$B$2:$H$8,C9,B9)+1,0,0.5,3,1,4,0,5)
```

B9 ಎಂಬುದು ರಾಶ್ಯಧಿಪತಿ: ಮೇಷಕ್ಕೆ ಕುಜ ಅಂದರೆ 3, ವೃಷಭಕ್ಕೆ ಶುಕ್ರ ಅಂದರೆ 6, ಹೀಗೆ ಮೀನದ ಗುರುವಿನವರೆಗೆ.

ಉಳಿದದ್ದು ಗಣ, ಯೋನಿ, ವಶ್ಯ. ಇವು ಮೂರಕ್ಕೂ ಕೋಷ್ಟಕ ತುಂಬಿ INDEX ಹಾಕುವುದಷ್ಟೇ ಕೆಲಸ. ತಕರಾರು ಇರುವುದು ಕೋಷ್ಟಕದೊಳಗೆ. ಗಣದಲ್ಲಿ ವರ ದೇವ, ವಧು ಮನುಷ್ಯ ಆದರೆ 6, ತಿರುವುಮುರುವಾದರೆ 5. ದೇವ-ರಾಕ್ಷಸಕ್ಕೆ ಒಂದು ಪುಸ್ತಕ 1 ಕೊಟ್ಟರೆ ಇನ್ನೊಂದು ಸೊನ್ನೆ. ಯೋನಿಗೆ ಹದಿನಾಲ್ಕು ಪ್ರಾಣಿಗಳು. ಒಂದೇ ಪ್ರಾಣಿಯಾದರೆ 4, ಹಾವು-ಮುಂಗುಸಿ, ಬೆಕ್ಕು-ಇಲಿ, ಹಸು-ಹುಲಿ, ಆನೆ-ಸಿಂಹ, ಕುದುರೆ-ಕೋಣ, ನಾಯಿ-ಜಿಂಕೆ, ಕೋತಿ-ಟಗರು ಎಂಬ ಏಳು ಹಗೆಗಳಿಗೆ ಸೊನ್ನೆ. ಇಷ್ಟರ ಬಗ್ಗೆ ಜಗಳವಿಲ್ಲ. ನಡುವಿನ 1, 2, 3 ಮಾತ್ರ ಪುಸ್ತಕದಿಂದ ಪುಸ್ತಕಕ್ಕೆ ಬದಲಾಗುತ್ತವೆ. ಅಂತರ್ಜಾಲದಲ್ಲಿ ಒಂದೇ ಜೋಡಿಗೆ ಒಂದು ಕಡೆ 24, ಇನ್ನೊಂದು ಕಡೆ 25 ಬಂದರೆ ಕಾರಣ ಬಹುಮಟ್ಟಿಗೆ ಇಲ್ಲೇ ಇರುತ್ತದೆ. ಮನೆಯಲ್ಲಿ ಬಳಸುವ ಪಂಚಾಂಗದ ಕೋಷ್ಟಕವನ್ನೇ ತುಂಬಿ. ಎರಡು ಪುಸ್ತಕ ಬೆರೆಸಬೇಡಿ.

ವಶ್ಯ ಎರಡೇ ಗುಣದ ಕೂಟವಾದರೂ ಅದರಲ್ಲಿ ಒಂದು ಚೋದ್ಯವಿದೆ. ರಾಶಿಗಳನ್ನು ಮನುಷ್ಯ, ಚತುಷ್ಪಾದ, ಜಲಚರ, ವನಚರ, ಕೀಟ ಎಂದು ಐದು ಬಗೆ ಮಾಡುತ್ತಾರೆ. ಧನುವಿನ ಮೊದಲರ್ಧ ಮನುಷ್ಯ, ಉತ್ತರಾರ್ಧ ಕುದುರೆಯ ಮೈಯಾದ್ದರಿಂದ ಚತುಷ್ಪಾದ. ಮಕರದ ಮೊದಲರ್ಧ ಚತುಷ್ಪಾದ, ಉತ್ತರಾರ್ಧ ಜಲಚರ. ರಾಶಿಗೆ ಒಂಬತ್ತು ಪಾದ. ಅದರ ಅರ್ಧವೆಂದರೆ ನಾಲ್ಕೂವರೆ ಪಾದ. ಅಂದರೆ ಗೆರೆ ಐದನೇ ಪಾದದ ನಡು ಹೊಟ್ಟೆಯನ್ನು ಸೀಳಿಕೊಂಡು ಹೋಗುತ್ತದೆ! ಧನುವಿನಲ್ಲಿ ಆ ಪಾದ ಪೂರ್ವಾಷಾಢ 1, ಮಕರದಲ್ಲಿ ಶ್ರವಣ 2. 108 ಪಾದಗಳಲ್ಲಿ ಈ ಎರಡಕ್ಕೆ ಮಾತ್ರ ನಕ್ಷತ್ರ-ಪಾದದಿಂದ ಉತ್ತರ ಸಿಗದು; ಚಂದ್ರ 15 ಅಂಶ ದಾಟಿದ್ದಾನೆಯೇ ಎಂದು ಜಾತಕ ತೆಗೆದು ನೋಡಬೇಕು. ನನ್ನ ಹಾಳೆ ಅಲ್ಲಿ ಗುಣ ಕೊಡದೆ "ಅಂಶ ನೋಡಿ" ಎನ್ನುತ್ತದೆ.

ಈಗ ಅತ್ತೆಯ ಮೊಮ್ಮಗಳ ಲೆಕ್ಕ. ಪುನರ್ವಸು ಯಾವ ಪಾದವಾದರೂ ನಕ್ಷತ್ರದ ನಾಲ್ಕು ಕೂಟ ಬದಲಾಗದು. ತಾರೆ ಒಂದೂವರೆ. ಅವಳದು ಬೆಕ್ಕು, ಪುಬ್ಬಾದ ಹುಡುಗನದು ಇಲಿ, ಯೋನಿ ಸೊನ್ನೆ. ಅವಳು ದೇವಗಣ, ಅವನು ಮನುಷ್ಯಗಣ, 5. ಅವಳದು ಆದ್ಯನಾಡಿ, ಅವನದು ಮಧ್ಯ, 8. ಹದಿನಾಲ್ಕೂವರೆ ಗಟ್ಟಿಯಾಯಿತು. ಹುಡುಗ ಸಿಂಹ ರಾಶಿ, ಅದರಲ್ಲಿ ಅನುಮಾನವಿಲ್ಲ. ಹುಡುಗಿ ಮೂರನೇ ಪಾದದವಳು, ಮಿಥುನ ಎಂದುಕೊಳ್ಳಿ. ವರ್ಣ 1. ವಶ್ಯ ಸೊನ್ನೆ. ರವಿಗೆ ಬುಧ ಸಮ, ಬುಧನಿಗೆ ರವಿ ಮಿತ್ರ, ಮೈತ್ರಿ 4. ಮಿಥುನದಿಂದ ಸಿಂಹ ಮೂರನೆಯದು; ಭಕೂಟ ಪೂರ್ತಿ 7. ಹನ್ನೆರಡು ಸೇರಿ ಇಪ್ಪತ್ತಾರೂವರೆ. ನಾಲ್ಕನೇ ಪಾದದವಳು, ಕರ್ಕ ಎಂದುಕೊಳ್ಳಿ. ಅವಳ ವರ್ಣ ಮೇಲಾಯಿತು, ಆ 1 ಹೋಯಿತು. ವಶ್ಯಕ್ಕೆ ನಾನು ಹಿಡಿದ ಕೋಷ್ಟಕದಲ್ಲಿ 1 ಬಂತು. ಚಂದ್ರ-ರವಿ ಪರಸ್ಪರ ಮಿತ್ರರು, ಮೈತ್ರಿ 5ಕ್ಕೇರಿತು. ಆದರೆ ಕರ್ಕ-ಸಿಂಹ ಅಕ್ಕಪಕ್ಕದ ರಾಶಿ, ದ್ವಿರ್ದ್ವಾದಶ. ಏಳಕ್ಕೆ ಏಳೂ ಹೋಯಿತು. ಆರು ಸೇರಿ ಇಪ್ಪತ್ತೂವರೆ. ಅತ್ತೆ ಕೇಳಿದ ಆರು ಗುಣ ಇಲ್ಲಿತ್ತು: ಭಕೂಟದ ಏಳು ಕಳೆದು, ಮೈತ್ರಿಯ ಒಂದು ಕೂಡಿ.

ಪರೀಕ್ಷೆಗೆಂದು ವಧು-ವರರನ್ನು ಅದಲುಬದಲು ಮಾಡಿ ಹಾಕಿದೆ. ಪುನರ್ವಸು ಮೂರು ಹುಡುಗನ ಕಾಲಂಗೆ, ಪುಬ್ಬಾ ಹುಡುಗಿಯ ಕಾಲಂಗೆ. ಮೊತ್ತ ಮತ್ತೆ ಇಪ್ಪತ್ತಾರೂವರೆಯೇ! ಒಳಗೆ ನೋಡಿದರೆ ವರ್ಣದಲ್ಲಿ ಒಂದು ಹೋಗಿ ಗಣದಲ್ಲಿ ಒಂದು ಬಂದಿತ್ತು. ಮೊತ್ತ ಸರಿಯಿದೆ ಎಂದಮಾತ್ರಕ್ಕೆ ಹಾಳೆ ಸರಿಯಿದೆ ಎನ್ನಲಾಗದು. ಎಂಟು ಸಾಲನ್ನೂ ಬಿಡಿಬಿಡಿಯಾಗಿ ತೋರಿಸಬೇಕು. ಹಾಳೆಯನ್ನು ತಪಾಸಣೆ ಮಾಡಲು ಇನ್ನೂ ಎರಡು ಸುಲಭ ದಾರಿಗಳಿವೆ. ಇಬ್ಬರಿಗೂ ಒಂದೇ ನಕ್ಷತ್ರ, ಒಂದೇ ಪಾದ ಹಾಕಿ. ನಾಡಿ ಒಂದೇ ಆಗುವುದರಿಂದ ಎಂಟು ಹೋಗಿ ಯಾವ ನಕ್ಷತ್ರಕ್ಕಾದರೂ 28 ಬರಲೇಬೇಕು. ಆಮೇಲೆ COUNTIF ಹಾಕಿ ಎಣಿಸಿ: ಒಂದೊಂದು ಗಣದಲ್ಲೂ ಒಂಬತ್ತು ನಕ್ಷತ್ರ, ಒಂದೊಂದು ಪ್ರಾಣಿಗೂ ಎರಡು. ಮುಂಗುಸಿಗೆ ಮಾತ್ರ ಉತ್ತರಾಷಾಢ ಒಂದೇ. ಅದು ತಪ್ಪಲ್ಲ; ಅದರ ಜೊತೆಗಾರ ಅಭಿಜಿತ್, 27ರ ಪಟ್ಟಿಯಿಂದ ಹೊರಗುಳಿದ ನಕ್ಷತ್ರ.

ಪರಿಹಾರಗಳ ವಿಷಯಕ್ಕೆ ಬಂದಾಗ ದೊಡ್ಡಪ್ಪನಿಗೂ ನನಗೂ ಸ್ವಲ್ಪ ಚರ್ಚೆಯಾಯಿತು. ಮೇಷ-ವೃಶ್ಚಿಕ ಷಡಷ್ಟಕವಾದರೂ ಎರಡಕ್ಕೂ ಕುಜನೇ ಒಡೆಯ, ಹಾಗಾಗಿ ದೋಷವಿಲ್ಲ ಎನ್ನುತ್ತಾರೆ. ಒಂದೇ ನಕ್ಷತ್ರವಾಗಿ ಪಾದ ಬೇರೆಯಾದರೆ ನಾಡೀದೋಷ ಬಿಡಬಹುದು ಎನ್ನುವವರಿದ್ದಾರೆ. "ಅಂಥ ಕಡೆ ಏಳೂ ಎಂಟೂ ಕೊಟ್ಟುಬಿಡೋ" ಎಂದರು ಅವರು. ನಾನು ಒಪ್ಪಲಿಲ್ಲ. ಸೊನ್ನೆಯನ್ನು ಸೊನ್ನೆಯಾಗಿಯೇ ಬಿಟ್ಟು ಪಕ್ಕದ ಕಾಲಂನಲ್ಲಿ "ಒಬ್ಬನೇ ಅಧಿಪತಿ" ಎಂದು ಬರುವಂತೆ ಮಾಡಿದೆ. ಕೋಷ್ಟಕದ ಗುಣ ಎಷ್ಟು, ನೋಡಿದವರ ಅಭಿಪ್ರಾಯ ಎಷ್ಟು ಎಂಬುದು ಒಂದೇ ಅಂಕಿಯಲ್ಲಿ ಕಲಸಿಹೋದರೆ ಆಮೇಲೆ ಬಿಡಿಸಲು ಬರುವುದಿಲ್ಲ.

ಇಷ್ಟಾದರೂ ಹುಡುಗಿಯದು ಮೂರೋ ನಾಲ್ಕೋ ಎಂಬುದು ಉಳಿದೇ ಇತ್ತು. ಚಂದ್ರ ಒಂದು ಪಾದ ದಾಟಲು ಸರಾಸರಿ ಆರು ಗಂಟೆ ತೆಗೆದುಕೊಳ್ಳುತ್ತಾನೆ. ಹುಟ್ಟಿದ ಹೊತ್ತು ಗಡಿಯಿಂದ ದೂರವಿದ್ದರೆ ಹತ್ತು ನಿಮಿಷದ ತಪ್ಪಿಗೆ ಏನೂ ಆಗದು, ಗಡಿಯಲ್ಲಿದ್ದರೆ ಆಗುತ್ತದೆ. ಅಯನಾಂಶವೂ ಇಲ್ಲಿ ಕೈಯಾಡಿಸುತ್ತದೆ. ಇಂದು ಹೆಚ್ಚು ಬಳಕೆಯಲ್ಲಿರುವುದು ಲಾಹಿರಿ ಅಯನಾಂಶ. ಬೆಂಗಳೂರಿನ ಬಿ.ವಿ. ರಾಮನ್ ಹಿಡಿದ ಅಯನಾಂಶ ಅದಕ್ಕಿಂತ ಸುಮಾರು ಒಂದೂವರೆ ಅಂಶ ಕಡಿಮೆ. ಒಂದು ಪಾದವೆಂದರೆ ಮೂರು ಅಂಶ ಇಪ್ಪತ್ತು ಕಲೆ. ಒಂದೂವರೆ ಅಂಶ ಅದರ ಅರ್ಧದ ಹತ್ತಿರ. ಲಾಹಿರಿಯಲ್ಲಿ ಪುನರ್ವಸು ಮೂರನೇ ಪಾದದ ಕೊನೆಯಲ್ಲಿರುವವಳು ರಾಮನ್ ಲೆಕ್ಕದಲ್ಲಿ ನಾಲ್ಕಕ್ಕೆ ಹೋಗಿ ಕರ್ಕದವಳಾಗುತ್ತಾಳೆ. ಸೂರ್ಯಸಿದ್ಧಾಂತದ ಪಂಚಾಂಗಕ್ಕೂ ದೃಗ್ಗಣಿತದ ಪಂಚಾಂಗಕ್ಕೂ ನಡುವೆ ಇದೇ ಬಗೆಯ ಅಂತರ ಬೀಳುತ್ತದೆ. ಇಬ್ಬರ ಜಾತಕವೂ ಒಂದೇ ಪದ್ಧತಿಯಲ್ಲಿ ಬರೆದದ್ದೇ ಎಂದು ಕೇಳದೆ ಹಾಳೆ ತುಂಬುವುದು ವ್ಯರ್ಥ.

ಅದಕ್ಕೇ ಕೊನೆಗೆ Match ಹಾಳೆಯ ಪ್ರತಿಯೊಂದನ್ನು ತೆಗೆದು, ಅದರಲ್ಲಿ ವಧುವಿನ ಪಾದ ತಾನಾಗಿಯೇ ಒಂದು ಮುಂದೆ ಹೋಗುವಂತೆ ಮಾಡಿ, ಆ ಮೊತ್ತವನ್ನು ಮೊದಲ ಹಾಳೆಯಲ್ಲಿ "ಪಕ್ಕದ ಪಾದ" ಎಂಬ ಹೆಸರಿನಲ್ಲಿ ತೋರಿಸಿದೆ. ನಾಲ್ಕನೇ ಪಾದವಾಗಿದ್ದರೆ ಮುಂದಿನ ನಕ್ಷತ್ರದ ಒಂದನೇ ಪಾದಕ್ಕೆ ಹೋಗಬೇಕು, ರೇವತಿಯ ನಾಲ್ಕಾದರೆ ಅಶ್ವಿನಿಗೆ. ಅಲ್ಲೂ MODನದೇ ಕೆಲಸ. ಎರಡು ಅಂಕಿಯೂ ಒಂದೇ ಆಗಿದ್ದರೆ ಹುಟ್ಟಿದ ಹೊತ್ತಿನ ಗೊಂದಲಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಫೋನಿನಲ್ಲಿ ಅತ್ತೆಗೆ ಹಾಳೆ ಕಳಿಸಿದೆ. ಇಪ್ಪತ್ತಾರೂವರೆ, ಪಕ್ಕದ ಪಾದ ಇಪ್ಪತ್ತೂವರೆ. ಸ್ವಲ್ಪ ಹೊತ್ತಿಗೆ ಅವರೇ ಕರೆ ಮಾಡಿದರು.

"ಮಗು ಹುಟ್ಟಿದ್ದು ಎಷ್ಟು ಹೊತ್ತಿಗೆ ಅತ್ತೆ?" ಎಂದು ಕೇಳಿದೆ.

"ಬೆಳಗಿನ ಜಾವ. ಹಾಲಿನವನು ಬಂದಿದ್ದ, ಪೇಪರಿನವನು ಬಂದಿರಲಿಲ್ಲ."

ದೊಡ್ಡಪ್ಪ ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದರು. ಅಡಿಕೋಲನ್ನು ಪಂಚಾಂಗದೊಳಗೆ ಸಿಕ್ಕಿಸಿ, "ಆಸ್ಪತ್ರೆಯ ಚೀಟಿ ಇದೆಯಾ ಹುಡುಕೋಕೆ ಹೇಳು" ಎಂದರು.